ಅಂಗಿಯಲ್ಲಿಲ್ಲದ ಪಟ್ಟೆ ಫೋಟೊದಲ್ಲಿ ಎಲ್ಲಿಂದ ಬಂತು?

ತೆಳು ಗೆರೆಯ ಅಂಗಿ ತೊಟ್ಟವರ ಫೋಟೊ ಒಂದನ್ನು ಕಂಪ್ಯೂಟರಿನಲ್ಲಿ ತೆರೆದು ಚಿಕ್ಕದು ಮಾಡುತ್ತಾ ಹೋಗಿ. ಯಾವುದೋ ಒಂದು ಅಳತೆಗೆ ಬಂದಾಗ ಅಂಗಿಯ ಮೇಲೆ ಅಗಲವಾದ, ಬಾಗಿದ ಪಟ್ಟೆಗಳು ಏಳುತ್ತವೆ. ಇನ್ನೂ ಸ್ವಲ್ಪ ಚಿಕ್ಕದು ಮಾಡಿದರೆ ಅವು ಜಾಗ ಬದಲಿಸುತ್ತವೆ, ಬೇರೆ ದಿಕ್ಕಿಗೆ ಓರೆಯಾಗುತ್ತವೆ. ಕೆಲವೊಮ್ಮೆ ಎಲ್ಲ ಮಾಯವಾಗಿ ಗೆರೆಯಂಗಿ ಬರೀ ಬಿಳಿ ಅಂಗಿಯಾಗಿಬಿಡುತ್ತದೆ. ನೇಯ್ದವರು ಹಾಕದ, ಹೊಲಿದವರು ಕಾಣದ ಈ ಪಟ್ಟೆಗಳಿಗೆ ಮ್ವಾರೆ ಎಂದು ಹೆಸರು. ಸೊಳ್ಳೆ ಪರದೆಯ ಎರಡು ಮಡಿಕೆ ಒಂದರ ಮೇಲೊಂದು ಬಿದ್ದಾಗ ತೇಲುವ ಅಲೆಗಳೂ ಇದೇ ಜಾತಿಯವು. ಅಲ್ಲಿರುವುದು ಎರಡು ಬಲೆ. ಇಲ್ಲಿ ಒಂದು ಬಲೆ ಅಂಗಿಯ ಗೆರೆಗಳದ್ದು, ಇನ್ನೊಂದು ಚಿಕ್ಕ ಚಿತ್ರದ ಪಿಕ್ಸೆಲ್‌ಗಳದ್ದು.

ಚಿತ್ರ ಚಿಕ್ಕದಾಗುವಾಗ ಒಳಗೆ ಏನು ನಡೆಯುತ್ತದೆ ಎಂದು ನೋಡಿದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ. ಫೋಟೊ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇದೆ ಎನ್ನೋಣ. ಅದನ್ನು 1000ಕ್ಕೆ 750 ಮಾಡಬೇಕು. ಅಂದರೆ ಮೂಲದ 16 ಪಿಕ್ಸೆಲ್‌ಗಳ ಜಾಗದಲ್ಲಿ ಒಂದೇ ಪಿಕ್ಸೆಲ್ ಉಳಿಯಬೇಕು. ಎಲ್ಲಕ್ಕಿಂತ ಸುಲಭದ, ಸೋಮಾರಿ ದಾರಿ ಎಂದರೆ ಅಡ್ಡಕ್ಕೂ ಉದ್ದಕ್ಕೂ ಪ್ರತಿ ನಾಲ್ಕನೆಯ ಪಿಕ್ಸೆಲ್ಲನ್ನು ಎತ್ತಿಕೊಂಡು ಮಿಕ್ಕ ಹದಿನೈದನ್ನು ಬಿಸಾಡುವುದು. ಇದನ್ನು ನಿಯರೆಸ್ಟ್ ನೇಬರ್ ವಿಧಾನ ಎನ್ನುತ್ತಾರೆ. ಆಕಾಶ, ಗೋಡೆ, ಕೆನ್ನೆಯಂಥ ಕಡೆ ಇದರಿಂದ ಹೆಚ್ಚೇನೂ ಕೆಡುವುದಿಲ್ಲ. ಅಕ್ಕಪಕ್ಕದ ಪಿಕ್ಸೆಲ್‌ಗಳು ಅಲ್ಲಿ ಹೆಚ್ಚುಕಡಿಮೆ ಒಂದೇ ಬಣ್ಣದವು. ಯಾವುದನ್ನು ಎತ್ತಿಕೊಂಡರೂ ಸರಿಯೇ.

ಗೆರೆಯಂಗಿಯಲ್ಲಿ ಹಾಗಲ್ಲ. ಎರಡು ಪಿಕ್ಸೆಲ್ ಕಪ್ಪು, ಎರಡು ಪಿಕ್ಸೆಲ್ ಬಿಳಿ, ಹೀಗೆ ನಾಲ್ಕು ಪಿಕ್ಸೆಲ್‌ಗೊಮ್ಮೆ ಗೆರೆ ಮರುಕಳಿಸುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ನಾಲ್ಕು ದಾಟಿ ಎತ್ತಿಕೊಳ್ಳುವವನ ಕೈಗೆ ಪ್ರತಿ ಸಲವೂ ಕಪ್ಪೇ ಸಿಗುತ್ತದೆ. ಮೊದಲ ಹೆಜ್ಜೆ ಬಿಳಿಯ ಮೇಲೆ ಬಿದ್ದಿದ್ದರೆ ಪ್ರತಿ ಸಲವೂ ಬಿಳಿಯೇ. ಅಂಗಿಯ ಗೆರೆ ಹೋಯಿತು, ಬಣ್ಣವೂ ಸುಳ್ಳಾಯಿತು.

ಈಗ ಗೆರೆಯನ್ನು ಕೂದಲೆಳೆಯಷ್ಟು ಅಗಲ ಮಾಡೋಣ. ಮೂರು ಕಪ್ಪು, ಎರಡು ಬಿಳಿ, ಒಟ್ಟು ಐದು ಪಿಕ್ಸೆಲ್. ಕಪ್ಪಿಗೆ ‘ಕ’, ಬಿಳಿಗೆ ‘ಬ’ ಎಂದು ಬರೆದರೆ ಮೂಲದ ಒಂದು ಸಾಲು ಮತ್ತು ಅದರಿಂದ ನಾಲ್ಕಕ್ಕೊಂದರಂತೆ ಎತ್ತಿದ ಸಾಲು ಹೀಗಿರುತ್ತವೆ:

```
ಮೂಲ:   ಕಕಕಬ ಬಕಕಕ ಬಬಕಕ ಕಬಬಕ ಕಕಬಬ
ಎತ್ತಿದ್ದು: ಕ     ಬ     ಬ     ಕ     ಕ
```

ನಾಲ್ಕು ನಾಲ್ಕರ ಗುಂಪುಗಳಲ್ಲಿ ಮೊದಲನೆಯದನ್ನು ಮಾತ್ರ ಎತ್ತಿದ್ದೇವೆ. ಮುಂದೆಯೂ ಇದೇ ಸರದಿ: ಮೂರು ಕಪ್ಪು, ಎರಡು ಬಿಳಿ, ಮತ್ತೆ ಮೂರು ಕಪ್ಪು, ಎರಡು ಬಿಳಿ. ಚಿಕ್ಕ ಚಿತ್ರದಲ್ಲಿ ಅಚ್ಚುಕಟ್ಟಾದ ಗೆರೆ ಕಾಣುತ್ತದೆ. ಆದರೆ ಈ ಒಂದು ಗೆರೆ ನಿಂತಿರುವುದು ಮೂಲದ 20 ಪಿಕ್ಸೆಲ್ ಜಾಗದಲ್ಲಿ, ಅಂದರೆ ನಾಲ್ಕು ನಿಜವಾದ ಗೆರೆಗಳ ಜಾಗದಲ್ಲಿ. ನಲವತ್ತು ಗೆರೆಯ ಅಂಗಿ ಹತ್ತು ಗೆರೆಯದಾಯಿತು. ಹೀಗೆ ನಯವಾದ ವಿನ್ಯಾಸ ತನ್ನದಲ್ಲದ ದಪ್ಪ ವಿನ್ಯಾಸದ ವೇಷ ಹಾಕಿ ಬರುವುದೇ ಏಲಿಯಾಸಿಂಗ್. ಮ್ವಾರೆ ಎಂಬುದು ಅದು ಕಣ್ಣಿಗೆ ಕಾಣುವ ಬಗೆ.

ಗೆರೆಯ ಅಳತೆ ನಮ್ಮ ಹೆಜ್ಜೆಗೆ ಹತ್ತಿರವಾದಷ್ಟೂ ಹುಸಿ ಪಟ್ಟೆ ಅಗಲವಾಗುತ್ತದೆ. 4.1 ಪಿಕ್ಸೆಲ್‌ಗೊಮ್ಮೆ ಬರುವ ಗೆರೆಯನ್ನು ನಾಲ್ಕರ ಹೆಜ್ಜೆಯಲ್ಲಿ ಎತ್ತಿದರೆ ಚಿಕ್ಕ ಚಿತ್ರದಲ್ಲಿ 41 ಪಿಕ್ಸೆಲ್‌ಗೊಂದು ಪಟ್ಟೆ ಏಳುತ್ತದೆ. ಗೆರೆ 4.3 ಪಿಕ್ಸೆಲ್‌ಗೆ ಹಿಗ್ಗಿದರೆ ಪಟ್ಟೆ ಒಮ್ಮೆಲೇ 14 ಪಿಕ್ಸೆಲ್‌ಗೆ ಇಳಿಯುತ್ತದೆ. ಬಟ್ಟೆಯಲ್ಲಿ ಕಣ್ಣಿಗೆ ಗೊತ್ತೇ ಆಗದ ವ್ಯತ್ಯಾಸ ಇದು. ತೊಟ್ಟ ಅಂಗಿ ಹಲಗೆಯಂತೆ ಚಪ್ಪಟೆಯಾಗಿ ಇರುವುದಿಲ್ಲವಲ್ಲ? ಎದೆಯ ಮೇಲೆ ಗೆರೆಗಳು ಬಿಡುವಾಗಿ ಕಾಣುತ್ತವೆ, ಹೆಗಲು ತಿರುಗುವ ಕಡೆ ಒತ್ತೊತ್ತಾಗುತ್ತವೆ, ತೋಳಿನ ಮಡಿಕೆಯಲ್ಲಿ ಓರೆಯಾಗುತ್ತವೆ. ಆ ಪುಟ್ಟ ಏರುಪೇರುಗಳೆಲ್ಲ ಹಲವು ಪಟ್ಟು ಹಿಗ್ಗಿ ಹುಸಿ ಪಟ್ಟೆಗಳಲ್ಲಿ ಕಾಣಿಸುತ್ತವೆ. ಮ್ವಾರೆ ಯಾವಾಗಲೂ ಬಳುಕುವ ಅಲೆಯಂತೆ ಇರುವುದು ಇದಕ್ಕೇ.

ಹಾಗಾದರೆ ಚಿಕ್ಕ ಚಿತ್ರ ಎಷ್ಟು ನಯವಾದ ಗೆರೆಯನ್ನು ತಾಳಿಕೊಳ್ಳಬಲ್ಲದು? ಈ ಲೆಕ್ಕದ ಮೂಲ ಟೆಲಿಗ್ರಾಫ್ ತಂತಿಯಲ್ಲಿದೆ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಅದರ ತಳಹದಿ ಹಾಕಿದರು, ಕ್ಲಾಡ್ ಶಾನನ್ 1949ರಲ್ಲಿ ಅದಕ್ಕೆ ಗಟ್ಟಿ ಗಣಿತದ ರೂಪ ಕೊಟ್ಟರು. ಚಿತ್ರಕ್ಕೆ ಅನ್ವಯಿಸಿ ಹೇಳುವುದಾದರೆ, ಒಂದು ಗೆರೆ ಮತ್ತು ಅದರ ಪಕ್ಕದ ಬಿಡುವು ಸೇರಿ ಎರಡು ಪಿಕ್ಸೆಲ್‌ಗಿಂತ ಹೆಚ್ಚು ಜಾಗ ಪಡೆಯಬೇಕು. ಅದಕ್ಕಿಂತ ಒತ್ತಾದದ್ದು ಬೇರೊಂದರ ವೇಷದಲ್ಲಿ ಬರುತ್ತದೆ. ನಮ್ಮ ಲೆಕ್ಕದಲ್ಲಿ ಚಿಕ್ಕ ಚಿತ್ರದ ಎರಡು ಪಿಕ್ಸೆಲ್ ಎಂದರೆ ಮೂಲದ ಎಂಟು. ಎಂಟಕ್ಕಿಂತ ಕಿರಿದಾದ ಮರುಕಳಿಕೆ ಏನೇ ಇದ್ದರೂ, ಅಂಗಿಯ ಗೆರೆಯೋ ಹೆಂಚಿನ ಸಾಲೋ ಕಿಟಕಿಯ ಜಾಲರಿಯೋ, ಎಲ್ಲವೂ ಅಪಾಯದ ವಲಯದಲ್ಲಿವೆ.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಪಟ್ಟೆ ಕಂಡ ಮೇಲೆ ಚಿಕ್ಕ ಚಿತ್ರಕ್ಕೇ ಬ್ಲರ್ ಹಾಕಿ ಅಳಿಸಲು ಕೂರುತ್ತಾರೆ. ಆಗದ ಕೆಲಸ. 41 ಪಿಕ್ಸೆಲ್ ಅಗಲದ ಪಟ್ಟೆ ಅಳಿಯುವಷ್ಟು ಬ್ಲರ್ ಹಾಕಿದರೆ ಅಂಗಿ ತೊಟ್ಟವರ ಮುಖವೂ ಅಳಿಸಿಹೋಗುತ್ತದೆ. ಹುಸಿ ಪಟ್ಟೆಗೂ ನಿಜವಾದ ಪಟ್ಟೆಗೂ ವ್ಯತ್ಯಾಸ ಹೇಳಬಲ್ಲ ಒಂದೇ ಒಂದು ಸಾಕ್ಷಿಯೂ ಚಿಕ್ಕ ಚಿತ್ರದೊಳಗೆ ಉಳಿದಿರುವುದಿಲ್ಲ. ಆ ಸಾಕ್ಷಿ ಬಿಸಾಡಿದ ಹದಿನೈದು ಪಿಕ್ಸೆಲ್‌ಗಳಲ್ಲಿತ್ತು.

ಅದೇ ಬ್ಲರ್ರನ್ನು ಕುಗ್ಗಿಸುವ ಮೊದಲು ಹಾಕಿ ನೋಡಿ. ಪ್ರತಿ ಪಿಕ್ಸೆಲ್ ಎತ್ತಿಕೊಳ್ಳುವ ಬದಲು ಸುತ್ತಲಿನ ನಾಲ್ಕರ ಸರಾಸರಿಯನ್ನು ಎತ್ತಿಕೊಳ್ಳೋಣ. ಎರಡು ಕಪ್ಪು, ಎರಡು ಬಿಳಿಯ ಗೆರೆಯಲ್ಲಿ ಎಲ್ಲಿಂದ ಶುರುಮಾಡಿ ನಾಲ್ಕು ಎಣಿಸಿದರೂ ಎರಡು ಕಪ್ಪು, ಎರಡು ಬಿಳಿಯೇ ಸಿಗುತ್ತವೆ. ಸರಾಸರಿ ಎಲ್ಲೆಡೆಯೂ ಒಂದೇ ಬೂದು. ಅಂಗಿ ಕಪ್ಪೂ ಆಗಲಿಲ್ಲ, ಬಿಳಿಯೂ ಆಗಲಿಲ್ಲ. ದೂರದಿಂದ ನೋಡಿದವರಿಗೆ ಆ ಅಂಗಿ ಹೇಗೆ ಕಾಣುತ್ತಿತ್ತೋ ಹಾಗೆಯೇ ಬಂತು. ‘ಬ್ಲರ್ ಹಾಕಿದರೆ ವಿವರ ಹಾಳಾಗುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಹಾಳಾಗುತ್ತದೆ, ನಿಜ. ಆದರೆ ಹೋಗುವುದರಲ್ಲಿ ಹೆಚ್ಚಿನ ಪಾಲು ಚಿಕ್ಕ ಚಿತ್ರದಲ್ಲಿ ಹೇಗೂ ಹಿಡಿಸದ ವಿವರ. ಅದನ್ನು ಮೊದಲೇ ಕಳಿಸಿಕೊಡದಿದ್ದರೆ ಅದು ಸುಮ್ಮನೆ ಹೋಗುವುದಿಲ್ಲ, ಸುಳ್ಳು ಪಟ್ಟೆಯಾಗಿ ಕೂರುತ್ತದೆ.

ಸರಾಸರಿಯೇ ಕೊನೆಯ ಮಾತೂ ಅಲ್ಲ. ಮೂರು ಕಪ್ಪು, ಮೂರು ಬಿಳಿಯ ಗೆರೆಯನ್ನು ತೆಗೆದುಕೊಳ್ಳಿ. ನಾಲ್ಕರ ಮೊದಲ ಗುಂಪಿನಲ್ಲಿ ಮೂರು ಕಪ್ಪು ಸಿಗುತ್ತವೆ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಒಂದು, ನಾಲ್ಕನೆಯದರಲ್ಲಿ ಮತ್ತೆ ಮೂರು. ಮೂರು ಪಿಕ್ಸೆಲ್‌ಗೊಮ್ಮೆ ಗಾಢ, ನಡು, ತಿಳಿ ಎಂದು ಮಾಸಲು ಪಟ್ಟೆ ಎದ್ದೇ ಏಳುತ್ತದೆ. ಮೊದಲಿನಷ್ಟು ಎದ್ದು ಕಾಣುವುದಿಲ್ಲ, ಅಷ್ಟೇ. ನಾಲ್ಕು ಪಿಕ್ಸೆಲ್‌ಗಳ ಅಂಚಿಗೆ ಸರಾಸರಿ ತಟ್ಟನೆ ನಿಂತುಹೋಗುವುದೇ ಇದಕ್ಕೆ ಕಾರಣ. ಗಾಸಿಯನ್ ಬ್ಲರ್‌ನಲ್ಲಿ ನಡುವಿನ ಪಿಕ್ಸೆಲ್‌ಗೆ ಹೆಚ್ಚು ತೂಕ ಕೊಟ್ಟು, ದೂರ ಹೋದಂತೆ ಮೆಲ್ಲನೆ ಇಳಿಸುತ್ತಾರೆ. ಅದರ ಹರವನ್ನು ಸೂಚಿಸುವ ಸಿಗ್ಮಾವನ್ನು 2 ಪಿಕ್ಸೆಲ್‌ಗೆ ಇಟ್ಟರೆ ಆರು ಪಿಕ್ಸೆಲ್‌ನ ಮರುಕಳಿಕೆಯಲ್ಲಿ ಶೇ 11ರಷ್ಟು ಮಾತ್ರ ಉಳಿಯುತ್ತದೆ. ಆದರೆ ಇದಕ್ಕೂ ಬೆಲೆ ತೆರಬೇಕು: ಉಳಿಯಬೇಕಾದ 16 ಪಿಕ್ಸೆಲ್‌ನ ಮರುಕಳಿಕೆಯೂ ಸುಮಾರು ಕಾಲು ಭಾಗ ಮಂಕಾಗುತ್ತದೆ. ಇವೆರಡರ ನಡುವೆ ರಾಜಿಗೆ ಲ್ಯಾಂಚೋಸ್ ಎಂಬ ವಿಧಾನ ಇದೆ. ಅದು ಬೇಡದ್ದನ್ನು ಚೂಪಾಗಿ ಕತ್ತರಿಸುತ್ತದೆ, ಬದಲಿಗೆ ಗಾಢ ಅಂಚುಗಳ ಪಕ್ಕದಲ್ಲಿ ತೆಳುವಾದ ಹೊಳಪಿನ ಗೆರೆ ಬಿಡುತ್ತದೆ. ನನ್ನ ಮಟ್ಟಿಗೆ ಬಟ್ಟೆಯ ಫೋಟೊಗಳಿಗೆ ಇದೇ ಸರಿ.

ಪೈಥಾನ್ ಬಲ್ಲವರು Pillow ಬಳಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು:

```python
from PIL import Image
img = Image.open("angi.jpg")
size = (img.width // 4, img.height // 4)
img.resize(size, Image.Resampling.NEAREST).save("pattee.png")
img.resize(size, Image.Resampling.LANCZOS).save("sari.png")
```

ಎರಡನೆಯದಕ್ಕೆ ಪ್ರತ್ಯೇಕ ಬ್ಲರ್ ಬೇಡ. ಎಷ್ಟು ಪಟ್ಟು ಕುಗ್ಗಿಸುತ್ತಿದ್ದೇವೆಯೋ ಅಷ್ಟು ಪಟ್ಟು ಹರವನ್ನು ಹಿಗ್ಗಿಸಿ ಅದೇ ಬ್ಲರ್ ಮಾಡಿಕೊಳ್ಳುತ್ತದೆ. ಆದರೆ ವಿಧಾನದ ಹೆಸರೊಂದನ್ನೇ ನಂಬಿ ಕೂರಬಾರದು. Pillow ತಂತ್ರಾಂಶದ ‘ಬೈಲೀನಿಯರ್’ ಹೀಗೆ ಹಿಗ್ಗುತ್ತದೆ. OpenCV ತಂತ್ರಾಂಶದಲ್ಲಿ ಅದೇ ಹೆಸರಿನ INTER_LINEAR ಎಷ್ಟೇ ಕುಗ್ಗಿಸಿದರೂ ನಾಲ್ಕೇ ನಾಲ್ಕು ಪಿಕ್ಸೆಲ್ ನೋಡುತ್ತದೆ. ನಾಲ್ಕು ಪಟ್ಟು ಕುಗ್ಗಿಸುವಾಗ 16ರಲ್ಲಿ 12 ಅದರ ಕಣ್ಣಿಗೇ ಬೀಳುವುದಿಲ್ಲ. ನಾವು ಏನೂ ಹೇಳದಿದ್ದರೆ cv2.resize ಆರಿಸಿಕೊಳ್ಳುವುದೂ ಅದನ್ನೇ. ಅಲ್ಲಿ ಕುಗ್ಗಿಸುವ ಕೆಲಸಕ್ಕೆ INTER_AREA ಎಂದು ಬಿಡಿಸಿ ಹೇಳಬೇಕು.

ಎಲ್ಲ ಮ್ವಾರೆಯೂ ಕುಗ್ಗಿಸುವಾಗಲೇ ಹುಟ್ಟುವುದಿಲ್ಲ. ಕ್ಯಾಮೆರಾದ ಸೆನ್ಸರ್ ಕೂಡ ಲಕ್ಷಾಂತರ ಚುಕ್ಕಿಗಳಲ್ಲಿ ಬೆಳಕನ್ನು ಎತ್ತಿಕೊಳ್ಳುವ ಜಾಲವೇ. ಅದಕ್ಕಿಂತ ನಯವಾದ ನೇಯ್ಗೆ ಎದುರಾದರೆ ಫೋಟೊ ತೆಗೆದ ಗಳಿಗೆಯಲ್ಲೇ ಪಟ್ಟೆ ಬಂದಿರುತ್ತದೆ. ಇದನ್ನು ತಡೆಯಲೆಂದೇ ಹಲವು ಕ್ಯಾಮೆರಾಗಳಲ್ಲಿ ಸೆನ್ಸರ್ ಮುಂದೆ ಬೆಳಕನ್ನು ತುಸು ಹರಡುವ ಶೋಧಕ ಇಡುತ್ತಾರೆ. ಅದೂ ಮೊದಲೇ ಹಾಕುವ ಬ್ಲರ್, ಗಾಜಿನಲ್ಲಿ ಮಾಡಿದ್ದು. ನಿಕಾನ್ 2012ರಲ್ಲಿ ಒಂದೇ ಕ್ಯಾಮೆರಾವನ್ನು ಎರಡು ಬಗೆಯಲ್ಲಿ ತಂದಿತು. D800ರಲ್ಲಿ ಆ ಶೋಧಕ ಕೆಲಸ ಮಾಡುತ್ತಿತ್ತು, D800Eಯಲ್ಲಿ ಅದರ ಪರಿಣಾಮವನ್ನು ರದ್ದುಮಾಡಿದ್ದರು. ಎರಡನೆಯದರ ಚಿತ್ರ ಹೆಚ್ಚು ಚೂಪು, ಬಟ್ಟೆಯ ಮೇಲೆ ಮ್ವಾರೆ ಬರುವ ಅಪಾಯವೂ ಹೆಚ್ಚು.

ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಮೂಲ ಫೋಟೊವನ್ನು ಶೇ 100ರ ಅಳತೆಯಲ್ಲಿ, ಅಂದರೆ ಫೋಟೊದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್ ಬರುವಂತೆ ತೆರೆಯಿರಿ. ಪಟ್ಟೆ ಮಾಯವಾಗಿ ನೇಯ್ಗೆಯ ಗೆರೆ ಕಂಡರೆ ತಪ್ಪು ಕುಗ್ಗಿಸಿದ್ದರಲ್ಲಿದೆ. ಅಲ್ಲೂ ಪಟ್ಟೆ ಉಳಿದಿದ್ದರೆ, ಅದರಲ್ಲೂ ಹಸಿರು, ನೇರಳೆ ಎಂದು ಕಾಮನಬಿಲ್ಲಿನಂತೆ ಕಂಡರೆ, ಅದು ಕ್ಯಾಮೆರಾದಲ್ಲೇ ಬಂದದ್ದು. ಅದಕ್ಕೆ ಈ ಬ್ಲರ್‌ನಿಂದ ಪರಿಹಾರವಿಲ್ಲ. ಒಂದು ಹೆಜ್ಜೆ ಹಿಂದೆ ಮುಂದೆ ಸರಿದೋ, ಕೋನ ಬದಲಿಸಿಯೋ ಇನ್ನೊಂದು ಫೋಟೊ ತೆಗೆಯಬೇಕು.

ಸೀರೆ, ಅಂಗಿಗಳ ಫೋಟೊ ಹಾಕಿ ಮಾರುವವರು, ಪತ್ರಿಕೆಗೆ ಚಿತ್ರ ಕಳಿಸುವವರು ಒಂದು ಮಾತು ನೆನಪಿಡಿ: ಮೂಲ ಫೈಲನ್ನು ಅಳಿಸಬೇಡಿ. ಪಟ್ಟೆ ಬಂದ ಚಿಕ್ಕ ಚಿತ್ರವನ್ನು ತಿದ್ದಲು ಕೂರುವ ಬದಲು ಮೂಲವನ್ನೇ ತೆರೆದು, ಲ್ಯಾಂಚೋಸ್ ಆರಿಸಿ ಮತ್ತೊಮ್ಮೆ ಕುಗ್ಗಿಸಿ.