ಸಂಜೆಯಾದರೆ ತೂಕಡಿಸುವ ರೂಟರ್

ನಮ್ಮನೆಯ ಆರು ವರ್ಷದ ರೂಟರ್ ಹಗಲೆಲ್ಲ ಚೆನ್ನಾಗಿಯೇ ಇರುತ್ತಿತ್ತು. ಸಂಜೆ ಎಲ್ಲರೂ ಮೊಬೈಲು, ಟಿವಿ ಹಿಡಿದು ಕೂತರೆ ಸಾಕು, ಅದರ ದೀಪಗಳೆಲ್ಲ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದವು. ಲೈನಿನದೇ ತಪ್ಪೆಂದು ಎರಡು ಸಲ ದೂರು ಕೊಟ್ಟೆವು. ಲೈನ್ ಕೈಕೊಟ್ಟರೆ ಇಂಟರ್‌ನೆಟ್ ದೀಪ ಮಾತ್ರ ಬಣ್ಣ ಬದಲಿಸುತ್ತದೆ ಅಥವಾ ಆರುತ್ತದೆ. ಪವರ್ ದೀಪವೂ ಆರಿದರೆ ಮೊದಲು ಅಡಾಪ್ಟರನ್ನೇ ಅನುಮಾನಿಸಬೇಕು.

ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿತ್ತು. ಮಲ್ಟಿಮೀಟರ್ ಹಿಡಿದರೆ ಸರಿಯಾಗಿ 12 ವೋಲ್ಟ್! ಮೋಸ ಇರುವುದೇ ಇಲ್ಲಿ. ಹೊರೆಯಿಲ್ಲದಾಗ ಮುದಿ ಅಡಾಪ್ಟರೂ ಗಟ್ಟಿಯಾಗಿಯೇ ಕಾಣುತ್ತದೆ. ರಿಪೇರಿ ಅಂಗಡಿಯವರು ಅದಕ್ಕೆ ಸ್ಕೂಟರಿನ 10 ವ್ಯಾಟಿನ ಇಂಡಿಕೇಟರ್ ಬಲ್ಬ್ ಜೋಡಿಸಿದರು. ಮೀಟರು 9ಕ್ಕೆ ಕುಸಿಯಿತು. ಸಂಜೆ ರೂಟರಿಗೆ ಕೆಲಸ ಹೆಚ್ಚಾದಾಗ ಆಗುತ್ತಿದ್ದದ್ದೂ ಇದೇ.

ಒಳಗಿನ ಕಪಾಸಿಟರುಗಳು ಕರೆಂಟಿನ ಏರಿಳಿತವನ್ನು ಸಮ ಮಾಡುತ್ತವೆ. ಅವುಗಳಲ್ಲಿರುವ ದ್ರವ ಬಿಸಿಗೆ ವರ್ಷಗಟ್ಟಲೆ ನಿಧಾನವಾಗಿ ಒಣಗುತ್ತದೆ. ಶಾಖ 10 ಡಿಗ್ರಿ ಏರಿದರೆ ಆಯಸ್ಸು ಅರ್ಧವಾಗುತ್ತದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ರೂಟರಿನೊಳಗೂ ಇಂಥವೇ ಇವೆ. ಗಾಳಿಕಿಂಡಿಗೆ ಧೂಳು ಮೆತ್ತಿಕೊಂಡರೆ ಅವೂ ಬೇಯುತ್ತವೆ, ಚಿಪ್ ಕಾದು ಕೆಲಸ ನಿಧಾನವಾಗುವುದೂ ಉಂಟು. ನಮ್ಮದಂತೂ ಸೆಟ್‌ಟಾಪ್ ಬಾಕ್ಸಿನ ತಲೆಯ ಮೇಲೇ ಕೂತಿತ್ತು.

ಹೊಸ ಅಡಾಪ್ಟರಿಗೆ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ. ಪಿನ್ನಿನ ಗಾತ್ರ, ಪ್ಲಸ್-ಮೈನಸ್ ಗುರುತು ಎರಡೂ ಹೊಂದಬೇಕು. ನಾವು 1.5 ಆಂಪಿಯರಿನದು ತಂದೆವು, ಒಣ ಬ್ರಷ್ಷಿನಿಂದ ಕಿಂಡಿಯ ಧೂಳು ಕೊಡವಿ ರೂಟರನ್ನು ಗೋಡೆಗೆ ಏರಿಸಿದೆವು. ಸಂಜೆಯ ತೂಕಡಿಕೆ ಅಂದಿಗೇ ನಿಂತಿತು.