‘ಸರ್ವರ್ ಇಲ್ಲ’ ಎನ್ನುವ ಮುನ್ನ

ನಾಗಮಂಗಲದಲ್ಲಿ ಪಹಣಿಗೆ ನಿಂತರೂ, ಶ್ರೀರಂಗಪಟ್ಟಣದಲ್ಲಿ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೂ, ಪಾಂಡವಪುರದಲ್ಲಿ ಪಡಿತರಕ್ಕೆ ಹೆಬ್ಬೆಟ್ಟು ಒತ್ತಿದರೂ ಒಂದಲ್ಲ ಒಂದು ದಿನ ಕಿವಿಗೆ ಬೀಳುವ ಮಾತು: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಕೂಲಿ ಬಿಟ್ಟು ಬಂದವರಿಗೆ ಆ ನಾಳೆ ಇನ್ನೊಂದು ದಿನದ ದುಡಿಮೆಯನ್ನೂ ಕಳೆಯುತ್ತದೆ. ನಿಜವಾಗಿಯೂ ಸರ್ವರ್ ಕೈಕೊಟ್ಟಿದೆಯೇ, ಲೈನ್ ಸರಿಯಿಲ್ಲವೇ, ಅಥವಾ ತೊಂದರೆ ಆ ಕಚೇರಿಯ, ಅಂಗಡಿಯ ಒಳಗೇ ಇದೆಯೇ? ಇದನ್ನು ಊಹಿಸಬೇಕಿಲ್ಲ, ಅಲ್ಲಿನ ಕಂಪ್ಯೂಟರಿನಲ್ಲೇ ಕೂತು ನೋಡಬಹುದು.

ನೋಡುವ ಸಾಧನ ವೈರ್‌ಶಾರ್ಕ್. ಜೆರಾಲ್ಡ್ ಕೂಂಬ್ಸ್ ಎಂಬ ಅಮೆರಿಕನ್ ಎಂಜಿನಿಯರ್ 1998ರಲ್ಲಿ ‘ಈಥೀರಿಯಲ್’ ಎಂದು ಬಿಡುಗಡೆ ಮಾಡಿದ ಈ ಉಚಿತ ತಂತ್ರಾಂಶಕ್ಕೆ 2006ರಿಂದ ಈಗಿನ ಹೆಸರು. ಕಂಪ್ಯೂಟರಿನೊಳಗೆ ಬರುವ, ಹೊರಗೆ ಹೋಗುವ ಪ್ರತಿ ಪ್ಯಾಕೆಟ್ಟನ್ನೂ ಅದು ಸಮಯದ ಸಮೇತ ಹಿಡಿದಿಡುತ್ತದೆ. ಕಷ್ಟವೂ ಅಲ್ಲೇ ಇದೆ. ಐದು ನಿಮಿಷ ಹಿಡಿದರೆ ಹತ್ತಾರು ಸಾವಿರ ಸಾಲು ಪರದೆಯ ಮೇಲೆ ಸುರಿಯುತ್ತವೆ. ಅವುಗಳಲ್ಲಿ ನಮಗೆ ಬೇಕಾದ್ದು ಒಂದೇ ವಿಳಾಸದ ಜೊತೆ ನಡೆದ ಮಾತುಕತೆ.

ಕೆ.ಆರ್. ಪೇಟೆ ಬಸ್ ನಿಲ್ದಾಣದ ಹತ್ತಿರ ಒಂದು ಝೆರಾಕ್ಸ್ ಅಂಗಡಿ ಇದೆ ಎಂದುಕೊಳ್ಳೋಣ. ಪಾಸ್‌ಪೋರ್ಟ್ ಫೋಟೊ ತೆಗೆಯುವುದು, ಆನ್‌ಲೈನ್ ಅರ್ಜಿ ತುಂಬುವುದು ಎಲ್ಲ ಒಂದೇ ಕಂಪ್ಯೂಟರಿನಲ್ಲಿ. ಅರ್ಜಿಯ ಪುಟ ತೆರೆಯುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ. ವೈರ್‌ಶಾರ್ಕ್ ಚಾಲೂ ಮಾಡಿ, ಆಮೇಲೆ ಪುಟ ತೆರೆಯಲು ಯತ್ನಿಸಿ, ಐದು ನಿಮಿಷಕ್ಕೆ ನಿಲ್ಲಿಸಿದರೆ 41,000 ಪ್ಯಾಕೆಟ್‌ಗಳು ಸಿಕ್ಕಿವೆ. ಮೊದಲು ಸರ್ವರಿನ ವಿಳಾಸ ತಿಳಿಯಬೇಕು. ಮೇಲಿನ ಫಿಲ್ಟರ್ ಪಟ್ಟಿಯಲ್ಲಿ `dns` ಎಂದು ಬರೆದರೆ ಜಾಲತಾಣದ ಹೆಸರನ್ನು ಕೇಳಿದ ಸಾಲೂ ಅದಕ್ಕೆ ಬಂದ ಉತ್ತರವೂ ಕಾಣುತ್ತವೆ. ಉತ್ತರದಲ್ಲಿ 203.0.113.40 ಎಂದಿದೆ ಎನ್ನೋಣ. (ಇದು ಉದಾಹರಣೆ ಬರೆಯುವವರಿಗೆಂದೇ ಮೀಸಲಿಟ್ಟ ವಿಳಾಸ, ಯಾವ ಕಚೇರಿಯದೂ ಅಲ್ಲ.) ಈಗ ಹೀಗೆ ಬರೆಯಬೇಕು:

```
ip.addr == 203.0.113.40
```

ಪರದೆಯ ಕೆಳಗೆ 212 ಪ್ಯಾಕೆಟ್ ಎಂದು ತೋರಿಸುತ್ತದೆ, ಒಟ್ಟಿನ ಶೇ 0.5. ಉಳಿದವು ಕಡತದಲ್ಲೇ ಇವೆ, ಕಣ್ಣಿಗೆ ಮಾತ್ರ ಮರೆ. ಡಿಸ್‌ಪ್ಲೇ ಫಿಲ್ಟರಿನ ದೊಡ್ಡ ಅನುಕೂಲವೇ ಇದು. ಹಿಡಿಯುವ ಮೊದಲೇ ಹಾಕುವ ಕ್ಯಾಪ್ಚರ್ ಫಿಲ್ಟರ್ ಎಂಬುದು ಬೇರೆ ಇದೆ. ಅದರ ಬರವಣಿಗೆಯೂ ಬೇರೆ, `host 203.0.113.40` ಎನ್ನಬೇಕು. ಅದು ನಾಲೆಯ ತೂಬು ಮುಚ್ಚಿದಂತೆ, ಹರಿದು ಹೋದದ್ದು ಮತ್ತೆ ಸಿಗದು. ತೊಂದರೆ ಎಲ್ಲಿದೆ ಎಂದೇ ಗೊತ್ತಿಲ್ಲದಾಗ ಎಲ್ಲವನ್ನೂ ಹಿಡಿದಿಟ್ಟು ಆಮೇಲೆ ಸೋಸುವುದೇ ಸರಿ. ಈ ಪ್ರಕರಣದಲ್ಲಿ ಅದು ಯಾಕೆಂದು ಮುಂದೆ ಗೊತ್ತಾಗುತ್ತದೆ.

ಆ 212 ಸಾಲುಗಳಲ್ಲಿ ಒಳಗಿನ ವಿಷಯ ಓದಲಾಗದು, ಅದು ಗೂಢಲಿಪಿಯಲ್ಲಿರುತ್ತದೆ. ನಮಗೆ ಬೇಕಾದ್ದು ಸಮಯ. ಸಂಪರ್ಕ ಶುರುವಾಗುವುದು ಕಂಪ್ಯೂಟರ್ ಕಳುಹಿಸುವ ‘ಸಿನ್’ ಎಂಬ ಪುಟ್ಟ ಪ್ಯಾಕೆಟ್ಟಿನಿಂದ. ಸರ್ವರ್ ‘ಸಿನ್–ಆ್ಯಕ್’ ಎಂದು ಮರಳಿಸಬೇಕು. ಸಿನ್ ಹೋಗಿ, ಒಂದು ಸೆಕೆಂಡಾದ ಮೇಲೆ ಮತ್ತೆ ಹೋಗಿ, ಪ್ರತಿ ಸಲ ಅಂತರ ದುಪ್ಪಟ್ಟಾಗುತ್ತ ಉತ್ತರವೇ ಇಲ್ಲದಿದ್ದರೆ ದಾರಿ ಕಡಿದಿದೆ, ಇಲ್ಲವೇ ಆಚೆಯ ಯಂತ್ರ ಮಲಗಿದೆ. ತಕ್ಷಣ ‘ರೀಸೆಟ್’ ಬಂದರೆ ಸಾಮಾನ್ಯವಾಗಿ ಯಂತ್ರ ಎದ್ದಿದೆ, ಸೇವೆ ಮಾತ್ರ ನಿಂತಿದೆ ಎಂದರ್ಥ. ಕೋರಿಕೆ ತಲುಪಿತೆಂಬ ರಸೀದಿ ಬೇಗ ಬಂದು, ಅದರ ಉತ್ತರ ಮಾತ್ರ ಹತ್ತು ಸೆಕೆಂಡ್ ತಡವಾದರೆ ಆಗ ಧೈರ್ಯವಾಗಿ ಹೇಳಬಹುದು, ನಿಧಾನವಾಗಿರುವುದು ಸರ್ವರೇ.

ನಮ್ಮ ಅಂಗಡಿಯಲ್ಲಿ ಕಾಣುವುದು ಇವು ಮೂರೂ ಅಲ್ಲ. ಮೊದಲ ಸಿನ್ ಹೋಗಿದೆ. ಒಂದು ಸೆಕೆಂಡಿಗೆ ಎರಡನೆಯದು ಹೋಗಿದೆ, ಅದರ ಮೇಲೆ ‘ರೀಟ್ರಾನ್ಸ್‌ಮಿಷನ್’ ಎಂಬ ಗುರುತು ಬಿದ್ದಿದೆ. 1.9 ಸೆಕೆಂಡಿಗೆ ಉತ್ತರ ಬಂದಿದೆ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಉತ್ತರವೂ ಬಂದಿದೆ. ಗುರುತು ನೋಡಿದವರು ಲೈನಿನಲ್ಲಿ ಪ್ಯಾಕೆಟ್ ಕಳೆದುಹೋಗುತ್ತಿದೆ ಎಂದು ತೀರ್ಮಾನಿಸಿ ವೈರ್ ಬದಲಿಸಲು ಹೊರಡುವುದುಂಟು. ಆದರೆ ಎರಡಕ್ಕೂ ಉತ್ತರ ಬಂದಿದೆ ಎಂದರೆ ಎರಡೂ ತಲುಪಿವೆ. ಏನೂ ಕಳೆದಿಲ್ಲ, ಎಲ್ಲವೂ ತಡವಾಗಿದೆ. ತಡ ಇದೊಂದೇ ಸಲವೋ, ಉದ್ದಕ್ಕೂ ಇದೆಯೋ ಎಂದು ಹೀಗೆ ನೋಡಬಹುದು:

```
ip.addr == 203.0.113.40 && tcp.analysis.ack_rtt > 0.5
```

ರಸೀದಿ ಬರಲು ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿದ ಸಾಲುಗಳಷ್ಟೇ ಉಳಿಯುತ್ತವೆ. ಸರ್ವರಿನಿಂದ ಬಂದ ರಸೀದಿಗಳೆಲ್ಲ ಅಲ್ಲಿವೆ. ಇಂಥ ರಸೀದಿ ಕೊಡಲು ಸರ್ವರ್ ಲೆಕ್ಕಾಚಾರವನ್ನೇನೂ ಮಾಡಬೇಕಿಲ್ಲ, ಹಾಗಾಗಿ ಅನುಮಾನ ದಾರಿಯ ಮೇಲೆ ತಿರುಗುತ್ತದೆ. ಈಗ ಫಿಲ್ಟರನ್ನು ತಿರುಗಿಸಿ, ಆ ವಿಳಾಸ ಬಿಟ್ಟು ಉಳಿದದ್ದನ್ನು ಕೇಳಬೇಕು:

```
!(ip.addr == 203.0.113.40)
```

ಇದನ್ನು `ip.addr != 203.0.113.40` ಎಂದು ಬರೆದವರು ಬಹಳ ವರ್ಷ ಮೋಸಹೋಗಿದ್ದಾರೆ. ಪ್ರತಿ ಪ್ಯಾಕೆಟ್ಟಿನಲ್ಲೂ ಎರಡು ವಿಳಾಸಗಳಿರುತ್ತವೆ, ಕಳುಹಿಸಿದವರದು ಮತ್ತು ಪಡೆಯುವವರದು. `ip.addr` ಎರಡನ್ನೂ ನೋಡುತ್ತದೆ. ಹಳೆಯ ಆವೃತ್ತಿಗಳು ‘ಎರಡರಲ್ಲಿ ಒಂದಾದರೂ ಬೇರೆಯಾಗಿದ್ದರೆ ಸಾಕು’ ಎಂದುಕೊಳ್ಳುತ್ತಿದ್ದವು. ಅಂಗಡಿಯ ಕಂಪ್ಯೂಟರಿನ ವಿಳಾಸ ಹೇಗೂ ಬೇರೆಯಲ್ಲವೇ? ಹಾಗಾಗಿ ಬೇಡವೆಂದ ಪ್ಯಾಕೆಟ್‌ಗಳೂ ಪರದೆಯ ಮೇಲೆ ಉಳಿಯುತ್ತಿದ್ದವು. 2021ರ 3.6ನೇ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯದೇ ಇರಬಹುದಾದ್ದರಿಂದ ಆವರಣ ಹಾಕಿ ಬರೆಯುವ ಅಭ್ಯಾಸ ಒಳ್ಳೆಯದು.

ತಿರುಗಿಸಿದ ಫಿಲ್ಟರ್ ಇರುವಾಗಲೇ ‘ಸ್ಟ್ಯಾಟಿಸ್ಟಿಕ್ಸ್’ ಮೆನುವಿನ ‘ಕಾನ್ವರ್ಸೇಷನ್ಸ್’ ತೆರೆದು, ಡಿಸ್‌ಪ್ಲೇ ಫಿಲ್ಟರಿಗೆ ಸೀಮಿತಗೊಳಿಸುವ ಗುರುತು ಹಾಕಿ, ಬೈಟ್‌ಗಳ ಪ್ರಕಾರ ಜೋಡಿಸಬೇಕು. ಮೊದಲ ಸಾಲಿನಲ್ಲೇ ಕಾರಣ ಇದೆ: ಒಂದೇ ಹೊರವಿಳಾಸಕ್ಕೆ ಪ್ಯಾಕೆಟ್‌ಗಳ ಹೊಳೆ, ಅದೂ ಹೊರಮುಖವಾಗಿ. ಬೆಳಗ್ಗೆ ತೆಗೆದ ಫೋಟೊಗಳು ತಾವಾಗಿಯೇ ಕ್ಲೌಡಿಗೆ ಹೋಗುತ್ತಿವೆ. ಅಂಗಡಿಯ ಅಪ್‌ಲೋಡ್ ವೇಗ ಸೆಕೆಂಡಿಗೆ 2 ಮೆಗಾಬಿಟ್ ಎಂದಾದರೆ, ಮೋಡೆಮ್ಮಿನಲ್ಲಿ 500 ಕಿಲೋಬೈಟ್‌ನಷ್ಟು ಸಾಲು ನಿಂತರೂ ಅದು ಕರಗಲು ಎರಡು ಸೆಕೆಂಡ್ ಬೇಕು. ಅರ್ಜಿಯ ಪುಟ್ಟ ಸಿನ್ ಆ ಸಾಲಿನ ಬಾಲದಲ್ಲಿ ನಿಂತಿತ್ತು. ಫೋಟೊ ಅಪ್‌ಲೋಡ್ ನಿಲ್ಲಿಸಿ ಮತ್ತೊಮ್ಮೆ ಹಿಡಿದು ನೋಡಿದಾಗ ಅದೇ ಸರ್ವರಿನ ಉತ್ತರ 50 ಮಿಲಿಸೆಕೆಂಡಿನೊಳಗೆ ಬಂದರೆ ಪ್ರಕರಣ ಸಾಬೀತು. ಮೊದಲೇ ಕ್ಯಾಪ್ಚರ್ ಫಿಲ್ಟರ್ ಹಾಕಿದ್ದರೆ ಆ ಹೊಳೆ ಕಾಣುತ್ತಲೇ ಇರಲಿಲ್ಲ.

ಫಿಲ್ಟರ್ ಪಟ್ಟಿ ಹಸಿರಾಗಿದ್ದೂ ಒಂದು ಸಾಲೂ ಬಾರದಿದ್ದರೆ ಗಾಬರಿಯಾಗಬೇಡಿ. ಹಸಿರು ಎಂದರೆ ವಾಕ್ಯ ಸರಿಯಿದೆ ಎಂದಷ್ಟೇ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವಾಗ ಬಹಳಷ್ಟು ಸಂಪರ್ಕ ಐಪಿವಿ6ನಲ್ಲಿ ನಡೆಯುತ್ತದೆ, ಅದಕ್ಕೆ `ipv6.addr` ಎಂದೇ ಬರೆಯಬೇಕು. ಇದಕ್ಕೆ ತದ್ವಿರುದ್ಧವಾಗಿ, ನೀವು ಕೇಳಿದ ವಿಳಾಸ ಕಳುಹಿಸಿದವರ ಕಾಲಮ್ಮಿನಲ್ಲೂ ಪಡೆದವರ ಕಾಲಮ್ಮಿನಲ್ಲೂ ಇಲ್ಲದ ಸಾಲೊಂದು ಇಣುಕಬಹುದು. ದಾರಿಯ ಯಾವುದೋ ರೂಟರ್ ‘ಮುಂದೆ ಹೋಗಲಾಗದು’ ಎಂದು ಐಸಿಎಂಪಿ ದೂರು ಕಳುಹಿಸುವಾಗ ಮೂಲ ಪ್ಯಾಕೆಟ್ಟಿನ ತಲೆಬರಹವನ್ನೂ ಒಳಗಿಟ್ಟು ಕಳುಹಿಸುತ್ತದೆ. ಫಿಲ್ಟರ್ ಅದನ್ನೂ ಓದುತ್ತದೆ. ಅದು ತಪ್ಪಲ್ಲ, ದಾರಿ ಎಲ್ಲಿ ಕಡಿದಿದೆ ಎಂದು ಹೇಳುವ ಸಾಲು.

ಒಂದು ಮಿತಿ ಮಾತ್ರ ನೆನಪಿರಲಿ. ವೈರ್‌ಶಾರ್ಕ್ ಇರುವ ಯಂತ್ರದ ಸಂಚಾರವಷ್ಟೇ ಅದಕ್ಕೆ ಕಾಣುತ್ತದೆ. ಪಕ್ಕದ ಕಂಪ್ಯೂಟರೋ ಸಿಸಿಟಿವಿಯ ಪೆಟ್ಟಿಗೆಯೋ ಲೈನ್ ನುಂಗುತ್ತಿದ್ದರೆ ತಡ ಕಾಣುತ್ತದೆ, ಕಾರಣ ಕಾಣುವುದಿಲ್ಲ, ಏಕೆಂದರೆ ಸ್ವಿಚ್ ಬೇರೆಯವರ ಪ್ಯಾಕೆಟ್ಟನ್ನು ನಮಗೆ ಕೊಡುವುದಿಲ್ಲ. ಆಗ ಉಳಿದವುಗಳ ವೈರನ್ನು ಒಂದೊಂದಾಗಿ ಕಿತ್ತು, ಪ್ರತಿ ಸಲ ಅದೇ ಫಿಲ್ಟರ್ ಹಾಕಿ ಸಮಯ ನೋಡಬೇಕು. ಎಲ್ಲ ಕಿತ್ತ ಮೇಲೂ ರಸೀದಿ ತಡವಾಗಿಯೇ ಬರುತ್ತಿದ್ದರೆ, ‘ಫೈಲ್’ ಮೆನುವಿನ ‘ಎಕ್ಸ್‌ಪೋರ್ಟ್ ಸ್ಪೆಸಿಫೈಡ್ ಪ್ಯಾಕೆಟ್ಸ್’ನಲ್ಲಿ ‘ಡಿಸ್‌ಪ್ಲೇಡ್’ ಆರಿಸಿ ಆ ಒಂದು ವಿಳಾಸದ ಸಾಲುಗಳನ್ನಷ್ಟೇ ಉಳಿಸಿಕೊಂಡು ಲೈನ್ ಕೊಟ್ಟವರಿಗೆ ಕಳುಹಿಸಬಹುದು. ಗ್ರಾಹಕರು ಬೇರೆ ಯಾವ ತಾಣ ತೆರೆದಿದ್ದರು ಎಂಬುದು ಆ ಕಡತದಲ್ಲಿ ಹೋಗುವುದಿಲ್ಲ.