ಮಲಬದ್ಧತೆಯ ಮರೆಯಲ್ಲಿ ಥೈರಾಯ್ಡ್

ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಮಲವಿಸರ್ಜನೆ, ಅದೂ ಗಟ್ಟಿಯಾಗಿ, ಮುಕ್ಕಿ ಮುಕ್ಕಿ. ಇದು ತಿಂಗಳುಗಟ್ಟಲೆ ಮುಂದುವರಿದರೆ ನಮ್ಮ ಮನೆಗಳಲ್ಲಿ ಸಿಗುವ ಸಲಹೆಗಳಿಗೆ ಕೊರತೆಯಿಲ್ಲ. ನೀರು ಜಾಸ್ತಿ ಕುಡಿ, ಸೊಪ್ಪು ತಿನ್ನು, ರಾತ್ರಿ ತ್ರಿಫಲಾ ಚೂರ್ಣ ತಗೋ. ಹೆಚ್ಚಿನವರಿಗೆ ಇಷ್ಟರಿಂದಲೇ ಗುಣ ಕಾಣುತ್ತದೆ. ಕಾಣದಿದ್ದಾಗ ಚೂರ್ಣದ ಪ್ರಮಾಣ ಹೆಚ್ಚಿಸುವ ಮೊದಲು ಕರುಳಿನ ಆಚೆಗೂ ನೋಡಬೇಕು.

ನಲವತ್ತಾರರ ಗೃಹಿಣಿಯೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದೂವರೆ ವರ್ಷದಿಂದ ಮಲಬದ್ಧತೆ. ಇಸಬ್‌ಗೋಲ್ ಆಯಿತು, ಸೋನಾಮುಖಿಯೂ ಆಯಿತು. ನಡುವೆ ಸುಸ್ತು ಎಂದು ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.5. ಕಬ್ಬಿಣಾಂಶದ ಮಾತ್ರೆ ಶುರುವಾಯಿತು, ಹೊಟ್ಟೆ ಇನ್ನಷ್ಟು ಕಟ್ಟಿತು. ಮಲಬದ್ಧತೆ ಕಬ್ಬಿಣದ ಮಾತ್ರೆಯ ಸಾಮಾನ್ಯ ಅಡ್ಡಪರಿಣಾಮ.

ವೈದ್ಯರು ಕೂರಿಸಿ ವಿಚಾರಿಸಿದಾಗ ಬೇರೆ ಸಂಗತಿಗಳು ಒಂದೊಂದಾಗಿ ಹೊರಬಂದವು. ಉಳಿದವರಿಗೆ ಫ್ಯಾನ್ ಬೇಕೆನಿಸಿದಾಗ ಇವರಿಗೆ ಚಳಿ. ಚರ್ಮ ಒಣಗಿದೆ, ಬೆಳಿಗ್ಗೆ ಮುಖ ಊದಿಕೊಂಡಿರುತ್ತದೆ, ದನಿ ಒರಟಾಗಿದೆ, ಊಟ ಅಷ್ಟೇ ಇದ್ದರೂ ತೂಕ ಏರಿದೆ, ಮುಟ್ಟಿನ ಸ್ರಾವ ವಿಪರೀತ. ಒಂದೊಂದಕ್ಕೂ ವಯಸ್ಸು, ಹವೆ, ಕೆಲಸ ಎಂಬ ಸಮಾಧಾನ ಮೊದಲೇ ಸಿಕ್ಕಿಬಿಟ್ಟಿತ್ತು. ಟಿಎಸ್‌ಎಚ್ ಪರೀಕ್ಷೆಯಲ್ಲಿ ಬಂದ ಅಂಕಿ 38. ಸಾಮಾನ್ಯವಾಗಿ ಅದು 4ರ ಆಸುಪಾಸಿನೊಳಗೆ ಇರಬೇಕು.

ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ದೇಹದ ಎಲ್ಲ ಕೆಲಸಗಳೂ ನಿಧಾನವಾಗುತ್ತವೆ. ಆಹಾರವನ್ನು ಮುಂದಕ್ಕೆ ತಳ್ಳುವ ಕರುಳಿನ ಅಲೆಗಳೂ ಮಂದವಾಗುತ್ತವೆ. ಮಲ ದೊಡ್ಡ ಕರುಳಿನಲ್ಲಿ ಹೆಚ್ಚು ಹೊತ್ತು ಉಳಿದಷ್ಟೂ ಅದರ ನೀರು ಹೀರಲ್ಪಟ್ಟು ಗಟ್ಟಿಯಾಗುತ್ತದೆ. ಆ ಗೃಹಿಣಿಯ ಅಧಿಕ ಮುಟ್ಟಿನ ಸ್ರಾವಕ್ಕೂ, ಅದರಿಂದ ಬಂದ ರಕ್ತಹೀನತೆಗೂ ಬೇರು ಇಲ್ಲೇ ಇರಬಹುದು.

ವೈದ್ಯರು ಲೆವೊಥೈರಾಕ್ಸಿನ್ ಮಾತ್ರೆ ಬರೆದರು. ಎರಡು ತಿಂಗಳ ನಂತರ ನೋಡಿದರೆ ಟಿಎಸ್‌ಎಚ್ ಇನ್ನೂ 24. ಮಾತ್ರೆ ತಪ್ಪಿಸಿರಲಿಲ್ಲ, ಆದರೆ ಬೆಳಗಿನ ಕಾಫಿಯ ಜೊತೆಗೇ ಅದನ್ನೂ ಕಬ್ಬಿಣದ ಮಾತ್ರೆಯನ್ನೂ ನುಂಗುತ್ತಿದ್ದರು. ಕಾಫಿ, ಕಬ್ಬಿಣ, ಕ್ಯಾಲ್ಸಿಯಂ, ಇಸಬ್‌ಗೋಲ್ ಇವೆಲ್ಲ ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸೇರುವುದನ್ನು ತಗ್ಗಿಸಬಲ್ಲವು. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ಕಬ್ಬಿಣ ಮತ್ತು ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಅಂತರ. ಹೀಗೆ ಬದಲಿಸಿದ ಮೇಲೆ ಅದೇ ಡೋಸಿನಲ್ಲಿ ಅಂಕಿ ಇಳಿಯಿತು, ಹೊಟ್ಟೆಯೂ ಸಡಿಲವಾಯಿತು.

ಹಾಗೆಂದು ಹೊಟ್ಟೆ ಕಟ್ಟಿದವರಿಗೆಲ್ಲ ಥೈರಾಯ್ಡ್ ಎನ್ನುವಂತಿಲ್ಲ. ಟಿಎಸ್‌ಎಚ್ 5 ಅಥವಾ 6 ಇದ್ದು ಬೇರೆ ಲಕ್ಷಣವೇ ಇಲ್ಲದಿದ್ದರೆ, ಮಲಬದ್ಧತೆಗೆ ಅದನ್ನೇ ಹೊಣೆ ಮಾಡುವುದು ಕಷ್ಟ.

ಸಕ್ಕರೆ ಕಾಯಿಲೆಯೂ ಮಲಬದ್ಧತೆ ತರಬಲ್ಲದು, ಆದರೆ ಅದರ ದಾರಿ ಬೇರೆ. ಸಕ್ಕರೆ ವರ್ಷಗಟ್ಟಲೆ ಹತೋಟಿ ತಪ್ಪಿದ್ದರೆ, ಪಾದದ ನರಗಳು ಕೆಡುವಂತೆ ಕರುಳನ್ನು ನಡೆಸುವ ನರಗಳೂ ಕೆಡಬಹುದು. ಆಗ ಊಟವಾದ ಮೇಲೆ ದೊಡ್ಡ ಕರುಳು ಸಹಜವಾಗಿ ಚುರುಕಾಗುವುದಿಲ್ಲ. ಕೆಲವರಿಗೆ ನಾಲ್ಕು ದಿನ ಮಲಬದ್ಧತೆ, ಆಮೇಲೆ ರಾತ್ರಿ ಹೊತ್ತು ನಿದ್ದೆಗೆಡಿಸುವ ಭೇದಿ. ಜೊತೆಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಎದ್ದು ನಿಂತಾಗ ತಲೆ ಸುತ್ತುವುದು, ಪಾದ ಜೋಮು ಹಿಡಿಯುವುದು ಇದ್ದರೆ ನರಗಳ ಕಡೆಗೆ ಅನುಮಾನ ಬಲವಾಗುತ್ತದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಇಲ್ಲಿ ಮೊದಲ ಹೆಜ್ಜೆ. ಹಾಳಾದ ನರ ಪೂರ್ತಿ ಸರಿಹೋಗುವುದು ಅಪರೂಪ. ಸಕ್ಕರೆಯನ್ನು ಹತೋಟಿಗೆ ತಂದರೆ ಹಾನಿ ಹೆಚ್ಚುವ ವೇಗವನ್ನು ತಗ್ಗಿಸಬಹುದು.

ಉಳಿದವುಗಳಲ್ಲಿ ಎರಡನ್ನು ನೆನಪಿಡಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗಲೂ ಕರುಳು ಮಂದವಾಗುತ್ತದೆ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರಪಿಂಡದ ಕಲ್ಲು ಅದರ ಸುಳಿವು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಕಕ್ಕೆ ವರ್ಷಗಳ ಮುಂಚೆಯೇ ಮಲಬದ್ಧತೆ ಕಾಣಿಸಬಹುದು. ವಾಸನೆ ತಿಳಿಯದಿರುವುದು, ಕನಸಿನಲ್ಲಿ ಕೈಕಾಲು ಬಡಿಯುವುದು ಇದಕ್ಕೆ ಜೊತೆಯಾಗುತ್ತವೆ.

ಇವೆಲ್ಲಕ್ಕೂ ಸಾವಧಾನದ ತಪಾಸಣೆ ಸಾಕು. ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ರಕ್ತಹೀನತೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಅಥವಾ ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ ಇದ್ದರೆ ತಡಮಾಡಬಾರದು. ಥೈರಾಯ್ಡ್ ದೋಷ ಸಿಕ್ಕಿದೆ ಎಂಬ ನೆಪದಲ್ಲಿ ಈ ಲಕ್ಷಣಗಳನ್ನು ಬದಿಗೆ ಸರಿಸಲೂಬಾರದು.

ವೈದ್ಯರ ಬಳಿ ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಗಳ ಶೀಟು, ಚೂರ್ಣದ ಡಬ್ಬಿ ಸಮೇತ ಒಯ್ಯಿರಿ. ಯಾವುದನ್ನು ಎಷ್ಟು ಹೊತ್ತಿಗೆ, ಯಾವುದರ ಜೊತೆ ತೆಗೆದುಕೊಳ್ಳುತ್ತೀರಿ ಎಂಬುದನ್ನೂ ಹೇಳಿ.